‘ನಮಸ್ತೆ’ ಎಂದು ಬರೆದು ಸುಮ್ಮನಾದವರ ಜೊತೆ ಮಾತು

ಮೈಸೂರಿನಲ್ಲಿ ನಮ್ಮದೊಂದು ಚಿಕ್ಕ ಸ್ವಯಂಸೇವಕರ ಬಳಗವಿದೆ. ಸಂಜೆ ಏಳರಿಂದ ರಾತ್ರಿ ಹತ್ತೂವರೆಯವರೆಗೆ ಸರದಿಯ ಮೇಲೆ ಕುಳಿತು, ಮೊಬೈಲ್ ಚಾಟ್‌ನಲ್ಲಿ ಬರುವವರ ಮಾತು ಕೇಳಿಸಿಕೊಳ್ಳುತ್ತೇವೆ. ನಾವು ವೈದ್ಯರಲ್ಲ, ಕೇಳಿಸಿಕೊಳ್ಳಲು ತರಬೇತಿ ಪಡೆದವರು ಅಷ್ಟೇ. ನಮಗೆ ಬರುವ ಸಂದೇಶಗಳಲ್ಲಿ ಬಹಳಷ್ಟು ‘ನಮಸ್ತೆ’, ‘ಹಾಯ್’, ‘ಯಾರಾದರೂ ಇದ್ದೀರಾ?’ ಎಂಬಲ್ಲಿಗೇ ನಿಂತುಬಿಡುತ್ತವೆ. ‘ಹೇಳಿ’ ಎಂದು ನಾವು ಬರೆದರೆ ಆ ಕಡೆಯಿಂದ ಉತ್ತರವಿಲ್ಲ. ಹೊಸ ಕೇಳುಗರು ಇದನ್ನು ಕಾಲಹರಣವೆಂದು ತಿಳಿದು ಬೇಗ ಮುಗಿಸಿಬಿಡುತ್ತಾರೆ. ಹಾಗೆ ಮುಗಿಸಬಾರದೆಂದು ನಾನು ಅವರೊಂದಿಗೆ ವಾದವನ್ನೇ ಹೂಡುತ್ತೇನೆ.

ಈ ಮೌನಕ್ಕೆ ಕಾರಣ ನನಗೆ ಸ್ಪಷ್ಟವಾದದ್ದು ಅಮೆರಿಕದ ಸಮಾಜಶಾಸ್ತ್ರಜ್ಞ ಇಮ್ಯಾನುಯೆಲ್ ಶೆಗ್ಲಾಫ್ 1968ರಲ್ಲಿ ದೂರವಾಣಿ ಕರೆಗಳ ಆರಂಭವನ್ನು ಕುರಿತು ಬರೆದ ಲೇಖನದಿಂದ. ಕರೆದವರಿಗೆ ಇನ್ನೊಬ್ಬರು ಓಗೊಟ್ಟ ಮೇಲೆ, ಮುಂದಿನ ಮಾತಾಡುವ ಹೊಣೆ ಕರೆದವರದ್ದೇ ಎಂಬುದನ್ನು ಅವರು ಗುರುತಿಸಿದ್ದರು. ಬೀದಿಯಲ್ಲಿ ಯಾರನ್ನಾದರೂ ಕೂಗಿ ನಿಲ್ಲಿಸಿದರೆ, ಏಕೆ ನಿಲ್ಲಿಸಿದಿರಿ ಎಂದು ಹೇಳಬೇಕಾದವರೂ ನೀವೇ ತಾನೇ? ಒಂಟಿತನದಲ್ಲಿರುವವರು ಸಿಕ್ಕಿಕೊಳ್ಳುವುದು ಸರಿಯಾಗಿ ಈ ಜಾಗದಲ್ಲಿ. ಸಾಲ, ಜಗಳ, ಕಾಯಿಲೆ ಇದ್ದವರಿಗೆ ಹೇಳಲು ಒಂದು ವಿಷಯವಿರುತ್ತದೆ. ಇವರಿಗೆ ನಡೆದದ್ದೇನೂ ಇಲ್ಲ. ಏನೂ ನಡೆಯದಿರುವುದೇ ಇವರ ಸಂಕಟ. ‘ನನಗೆ ಯಾರೂ ಇಲ್ಲ’ ಎಂದು ನೇರವಾಗಿ ಬರೆಯಲು ನಾಚಿಕೆ. ಒಂಟಿತನ ಅಳೆಯುವ ಪ್ರಶ್ನಾವಳಿಗಳಲ್ಲಿಯೂ ಈ ನಾಚಿಕೆಯ ಅರಿವಿದೆ. ಬಹಳ ಬಳಕೆಯಲ್ಲಿರುವ ಮೂರು ಪ್ರಶ್ನೆಗಳ ಒಂದು ಚಿಕ್ಕ ಪ್ರಶ್ನಾವಳಿಯಲ್ಲಿ ‘ನೀವು ಒಂಟಿಯೇ?’ ಎಂಬ ಪ್ರಶ್ನೆಯೇ ಇಲ್ಲ. ಜೊತೆಗಾರರ ಕೊರತೆ ಕಾಡುತ್ತದೆಯೇ, ನಿಮ್ಮನ್ನು ಹೊರಗಿಟ್ಟಂತೆ ಅನಿಸುತ್ತದೆಯೇ, ಇತರರಿಂದ ದೂರವಾದಂತೆ ಅನಿಸುತ್ತದೆಯೇ ಎಂದಷ್ಟೇ ಅದು ಕೇಳುತ್ತದೆ.

ಹೀಗಿರುವಾಗ ‘ನಿಮ್ಮ ಸಮಸ್ಯೆ ಏನು?’ ಎಂದು ಕೇಳಿದರೆ, ಅವರ ಬಳಿ ಇಲ್ಲದ್ದನ್ನೇ ಕೇಳಿದಂತಾಗುತ್ತದೆ. ‘ನಾನೇನು ಸಹಾಯ ಮಾಡಲಿ?’ ಎಂಬುದೂ ಅಷ್ಟೇ. ಆದ್ದರಿಂದ ಮೊದಲ ವಿಷಯ ತರುವ ಹೊಣೆಯನ್ನು ನಾನೇ ಹೊತ್ತುಕೊಳ್ಳುತ್ತೇನೆ.

ಒಂದು ಮಾತುಕತೆಯನ್ನು ಹೇಳಿದರೆ ಇದು ತಿಳಿಯುತ್ತದೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ರಾತ್ರಿ ಒಂಬತ್ತರ ಸುಮಾರಿಗೆ ಒಬ್ಬ ಯುವಕ ‘ನಮಸ್ತೆ’ ಎಂದು ಬರೆದು ನಿಲ್ಲಿಸಿದ. ನಾನು ಬರೆದೆ: ‘ನಮಸ್ತೆ. ನಾನು ಈ ಬಳಗದ ಒಬ್ಬ ಮಹಿಳೆ, ಹತ್ತೂವರೆಯವರೆಗೆ ಇಲ್ಲೇ ಇರುತ್ತೇನೆ. ಹೇಳಲೇಬೇಕಾದ ವಿಷಯ ಇರಬೇಕೆಂದೇನೂ ಇಲ್ಲ, ಹಾಗೇ ಮಾತನಾಡಬಹುದು.’ ಆ ಕಡೆ ಮನುಷ್ಯರೇ ಇದ್ದಾರೆಯೇ, ಅವರಿಗೆ ಸಮಯವಿದೆಯೇ, ಕಾರಣವಿಲ್ಲದೆ ಬಂದರೆ ಬೈಯುತ್ತಾರೆಯೇ ಎಂಬ ಮೂರು ಅನುಮಾನಗಳಿಗೂ ಇದರಲ್ಲಿ ಉತ್ತರವಿದೆ. ಆತ ಟೈಪ್ ಮಾಡುತ್ತಿರುವುದು ಪರದೆಯ ಮೇಲೆ ಕಾಣಿಸಿತು, ನಿಂತಿತು, ಮತ್ತೆ ಕಾಣಿಸಿತು. ಬರೆದು ಅಳಿಸುತ್ತಿದ್ದಾರೆ ಎಂದರ್ಥ. ಆ ಹೊತ್ತಿನಲ್ಲಿ ನಾವು ಇನ್ನೊಂದು ಸಂದೇಶ ಕಳುಹಿಸಿದರೆ ಅವರು ಕಟ್ಟುತ್ತಿದ್ದ ವಾಕ್ಯ ಅಲ್ಲೇ ಮುರಿಯುತ್ತದೆ. ಕಾದೆ.

‘ಏನಿಲ್ಲ ಮೇಡಂ, ಸುಮ್ಮನೆ ಮೆಸೇಜ್ ಮಾಡಿದೆ.’

‘ಮಾಡಿದ್ದು ಒಳ್ಳೆಯದಾಯಿತು. ಊಟ ಮುಗಿಸಿ ಕುಳಿತಿದ್ದೀರಾ, ಇನ್ನೂ ಆಗಬೇಕಾ?’

‘ಆಯಿತು. ಪಿಜಿ ಊಟ. ಇಲ್ಲಿ ಮುದ್ದೆ ಮಾಡುವುದಿಲ್ಲ.’

ನಾನು ಕಾಯುವುದು ಇಂಥದ್ದಕ್ಕೆ. ಕೇಳಿದ್ದು ಊಟವಾಯಿತೇ ಎಂದು ಮಾತ್ರ. ಪಿಜಿ ಎಂಬುದನ್ನೂ ಮುದ್ದೆಯನ್ನೂ ಆತ ತಾನಾಗಿ ಸೇರಿಸಿದ. ಕೇಳದೆ ಬಂದ ಆ ತುಣುಕನ್ನೇ ಹಿಡಿದುಕೊಳ್ಳಬೇಕು. ಮುದ್ದೆ ಎಂದ ಕೂಡಲೇ ‘ಯಾವ ಊರು?’ ಎಂಬ ಪ್ರಶ್ನೆ ನಮ್ಮ ನಾಲಿಗೆಯ ತುದಿಗೆ ಬರುತ್ತದೆ. ಅದನ್ನು ನಾನು ಕೇಳುವುದಿಲ್ಲ. ಮಂಡ್ಯದ ಕಡೆ ಊರು ಹೇಳಿದರೆ ಮುಂದಿನದು ‘ಯಾರ ಮಗ?’ ಎಂಬುದೇ, ಅಲ್ಲಿಂದ ಜಾತಿ, ನೆಂಟಸ್ತಿಕೆ ಎಲ್ಲವೂ ಹೊರಬೀಳುತ್ತದೆ. ಗುರುತು ಬೇಡವೆಂದೇ ಚಾಟ್‌ಗೆ ಬಂದವರು ಅಲ್ಲಿಗೆ ಬಾಯಿ ಮುಚ್ಚುತ್ತಾರೆ. ನಾನು ಮುದ್ದೆಯಲ್ಲೇ ಉಳಿದೆ.

‘ಮುದ್ದೆ ಉಂಡು ಬೆಳೆದವರಿಗೆ ಬರೀ ಅನ್ನದಲ್ಲಿ ಹೊಟ್ಟೆ ತುಂಬಿದಂತೆಯೇ ಆಗುವುದಿಲ್ಲ. ಪಿಜಿಗೆ ಬಂದು ಬಹಳ ದಿನವಾಯಿತಾ?’

‘ಎಂಟು ತಿಂಗಳು. ಕೆಎಎಸ್‌ಗೆ ಓದುತ್ತಿದ್ದೇನೆ.’ ಸ್ವಲ್ಪ ಹೊತ್ತಿನ ಬಳಿಕ: ‘ರೂಮಿನಲ್ಲಿ ಮೂವರಿದ್ದೇವೆ. ಎಲ್ಲರೂ ಓದುತ್ತಿರುತ್ತಾರೆ. ಇವತ್ತು ಟೀ ಅಂಗಡಿಯವರನ್ನು ಬಿಟ್ಟರೆ ಯಾರ ಹತ್ತಿರವೂ ಮಾತಾಡಿಲ್ಲ.’

ಇಲ್ಲಿ ಪ್ರಶ್ನೆಯನ್ನು ಕೈಬಿಟ್ಟೆ. ‘ಮೂವರಿರುವ ಕೋಣೆ, ಆದರೂ ಬೆಳಗಿನಿಂದ ಮಾತಿಲ್ಲ’ ಎಂದಷ್ಟೇ ಬರೆದೆ. ಅವರು ಹೇಳಿದ್ದು ನಮಗೆ ತಲುಪಿತು ಎಂದು ಅವರದೇ ಮಾತಿನಲ್ಲಿ ತೋರಿಸಿ ಸುಮ್ಮನಿರುವುದು ನಮ್ಮ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟದ್ದು. ‘ರೂಮಿನವರ ಜೊತೆ ನೀವೇ ಮಾತು ಶುರು ಮಾಡಿ’ ಎನ್ನಲು ಕೈ ತುಡಿಯುತ್ತಿರುತ್ತದೆ. ಕೆಲವು ನಿಮಿಷಗಳ ನಂತರ ಉದ್ದನೆಯ ಸಂದೇಶ ಬಂತು. ಮನೆಗೆ ಫೋನ್ ಮಾಡಿದರೆ ಪರೀಕ್ಷೆಯ ಮಾತೇ ಮೊದಲು ಬರುತ್ತದೆ, ಅದಕ್ಕೆ ಫೋನ್ ಮಾಡುವುದನ್ನೇ ಕಡಿಮೆ ಮಾಡಿದ್ದೇನೆ. ಗೆಳೆಯರು ಕೆಲಸಕ್ಕೆ ಸೇರಿದ್ದಾರೆ, ಅವರ ಗುಂಪಿನಲ್ಲಿ ಏನು ಬರೆಯಬೇಕೋ ತಿಳಿಯುವುದಿಲ್ಲ. ಈಗಲೂ ಪಕ್ಕದ ಮಂಚದವನಿಗೆ ಕೇಳಿಸಬಾರದೆಂದೇ ಬರೆಯುತ್ತಿದ್ದೇನೆ ಎಂದಿತ್ತು. ಕೊನೆಯಲ್ಲಿ ಆತನೇ ಕೇಳಿದ: ‘ನಿಮ್ಮದು ಊಟ ಆಯಿತಾ ಮೇಡಂ?’ ಆ ಕಡೆಯವರು ನಮ್ಮನ್ನು ತಿರುಗಿ ಕೇಳತೊಡಗಿದರೆ ಮಾತು ನೆಲೆ ಕಂಡಿತು ಎಂದು ನಾನು ತಿಳಿಯುತ್ತೇನೆ.

ಕೆಡುವುದು ಹೇಗೆಂಬುದೂ ಬೇಗ ಗೊತ್ತಾಗುತ್ತದೆ. ಉತ್ತರಗಳು ‘ಹೂಂ’, ‘ಸರಿ’ಗೆ ಇಳಿದರೆ ನಾವು ಪ್ರಶ್ನೆಯ ಮೇಲೆ ಪ್ರಶ್ನೆ ಹೇರುತ್ತಿದ್ದೇವೆ, ಇಲ್ಲವೇ ಬುದ್ಧಿ ಹೇಳಲು ಹೊರಟಿದ್ದೇವೆ. ಆಗ ಪ್ರಶ್ನೆಯಿಲ್ಲದ ಒಂದು ವಾಕ್ಯ ಬರೆದು ಬಿಡುವು ಕೊಡುತ್ತೇನೆ. ಮೊದಲ ‘ನಮಸ್ತೆ’ಯ ನಂತರ ಏನೂ ಬರದಿದ್ದರೆ ಹತ್ತು ನಿಮಿಷದ ಮೇಲೆ ಒಂದೇ ಸಾಲು: ‘ಈಗ ಬರೆಯಬೇಕು ಅನಿಸದಿದ್ದರೆ ಪರವಾಗಿಲ್ಲ, ನಾಳೆಯೂ ಸಂಜೆ ಏಳಕ್ಕೆ ಯಾರಾದರೂ ಇರುತ್ತೇವೆ.’ ಮತ್ತೆ ಮತ್ತೆ ‘ಇದ್ದೀರಾ?’ ಎಂದು ಕೇಳಿದರೆ ಅದು ಒತ್ತಾಯವಾಗುತ್ತದೆ.

ಎಲ್ಲ ‘ಹಾಯ್’ಗಳ ಹಿಂದೆಯೂ ಒಂಟಿತನವಿರುವುದಿಲ್ಲ. ಹೆಂಗಸಿನ ಜೊತೆ ಚೆಲ್ಲಾಟಕ್ಕೆಂದು ಬರುವವರೂ ಇದ್ದಾರೆ. ಒಮ್ಮೆ ಎಚ್ಚರಿಸಿ ಮುಗಿಸುತ್ತೇವೆ. ಆದರೆ ‘ನಾನಿಲ್ಲದಿದ್ದರೂ ಯಾರಿಗೂ ತಿಳಿಯುವುದಿಲ್ಲ’ ಎಂಬಂಥ ಮಾತು ಬಂದರೆ ಊಟದ ಮಾತು ಅಲ್ಲಿಗೆ ನಿಲ್ಲಬೇಕು. ‘ಸಾಯಬೇಕು ಎಂಬ ಯೋಚನೆ ಬರುತ್ತಿದೆಯಾ?’ ಎಂದು ಸುತ್ತಿಬಳಸದೆ ಕೇಳುತ್ತೇನೆ. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಹೌದೆಂದರೆ ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆ ಕೊಡುತ್ತೇನೆ. ಅದು ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೂ ಮಾತನಾಡಬಹುದು. ಅವರು ಕರೆ ಮಾಡುವವರೆಗೆ ನಾನು ಚಾಟ್ ಬಿಟ್ಟು ಏಳುವುದಿಲ್ಲ. ಆ ಯುವಕನನ್ನೂ ಕೇಳಿದ್ದೆ. ಅಂಥ ಯೋಚನೆ ಇಲ್ಲ, ದಿನ ಉದ್ದವಾಗಿದೆ ಅಷ್ಟೇ ಎಂದ.

ಹತ್ತೂಕಾಲಿಗೆ, ಇನ್ನು ಹದಿನೈದು ನಿಮಿಷವಿದೆ ಎಂದು ಮೊದಲೇ ತಿಳಿಸಿದೆ. ಹಠಾತ್ತನೆ ಎದ್ದುಹೋದರೆ ಇಂಥವರಿಗೆ ಬಹಳ ನೋವಾಗುತ್ತದೆ. ಆತ ಮತ್ತೆ ಬರಬಹುದೇ ಎಂದು ಕೇಳಿದ. ಮರುದಿನದ ಸರದಿ ನನ್ನದಲ್ಲವೆಂದೂ ಬೇರೆಯವರು ಇರುತ್ತಾರೆಂದೂ ಹೇಳಿ, ಇದೇ ಮಾತನ್ನು ಮೊದಲಿನಿಂದ ಹೇಳಬೇಕಾಗದಂತೆ ಎರಡು ಸಾಲು ಬರೆದಿಡಲೇ ಎಂದು ಒಪ್ಪಿಗೆ ಕೇಳಿದೆ. ಒಪ್ಪಿದ. ನಮ್ಮ ಸರದಿ ಪುಸ್ತಕದಲ್ಲಿ ಹೀಗೆ ಬರೆದೆ: ‘ನಮಸ್ತೆ ಎಂದು ನಿಲ್ಲಿಸುತ್ತಾರೆ, ಕಾಯಿರಿ. ಊರು ಕೇಳಬೇಡಿ. ಪರೀಕ್ಷೆಯ ಮಾತು ಅವರಾಗಿ ತೆಗೆದರೆ ಮಾತ್ರ.’