ಪ್ಲೇಸ್‌ಮೆಂಟ್ ಅಧಿಕಾರಿಗೆ ಮೊದಲ ಇಮೇಲ್: ಸೂಚನಾ ಫಲಕಕ್ಕೆ ಹಾಗೆಯೇ ಏರುವಂತೆ ಬರೆಯಿರಿ

ಹೆಸರೇ ಕೇಳದ ಕಂಪನಿಯಿಂದ ಕ್ಯಾಂಪಸ್ ನೇಮಕಾತಿಯ ಇಮೇಲ್ ಬಂದಾಗ ಕಾಲೇಜಿನ ಪ್ಲೇಸ್‌ಮೆಂಟ್ ಅಧಿಕಾರಿ ಅದರಲ್ಲಿ ಎರಡೇ ವಿಷಯ ಹುಡುಕುತ್ತಾರೆ. ಈ ಕಂಪನಿ ನಿಜವಾಗಿ ಇದೆಯೇ? ವಿದ್ಯಾರ್ಥಿಗಳಿಗೆ ಕಳಿಸುವ ಸೂಚನೆಯಲ್ಲಿ ನಾನು ಏನೆಂದು ಬರೆಯಲಿ? ಎರಡಕ್ಕೂ ಆ ಪತ್ರದಲ್ಲೇ ಉತ್ತರವಿದ್ದರೆ ಅವರು ಅದನ್ನು ಪ್ರಾಂಶುಪಾಲರಿಗೆ ತೋರಿಸಿ ಮುಂದಿನ ಹೆಜ್ಜೆ ಇಡುತ್ತಾರೆ. ಇಲ್ಲದಿದ್ದರೆ ವಿವರ ಕೇಳಿ ಮರುಪತ್ರ ಬರೆಯುವ ಕೆಲಸ ಅವರ ಮೇಲೆ ಬೀಳುತ್ತದೆ, ಪತ್ರ ಪಕ್ಕಕ್ಕೆ ಸರಿಯುತ್ತದೆ. ಸಣ್ಣ ಊರುಗಳ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಈ ಹೊಣೆ ಹೊತ್ತವರು ಹೆಚ್ಚಾಗಿ ಅಧ್ಯಾಪಕರೇ ಆಗಿರುತ್ತಾರೆ. ತರಗತಿ, ಲ್ಯಾಬ್, ಇಂಟರ್ನಲ್ಸ್ ಮುಗಿಸಿ ಉಳಿದ ಹೊತ್ತಿನಲ್ಲಿ ಅವರು ನಿಮ್ಮ ಪತ್ರ ಓದಬೇಕು.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಬೆಂಗಳೂರಿನ ಪೀಣ್ಯದಲ್ಲಿ ಸಿಎನ್‌ಸಿ ಯಂತ್ರಗಳಲ್ಲಿ ವಾಹನದ ಬಿಡಿಭಾಗ ತಯಾರಿಸುವ, 80 ಜನ ದುಡಿಯುವ ಒಂದು ಘಟಕವಿದೆ ಎಂದುಕೊಳ್ಳಿ. ಗುಣಮಟ್ಟ ತಪಾಸಣೆಗೆ 3, ಉತ್ಪಾದನಾ ಯೋಜನೆಗೆ 2, ಹೀಗೆ ಒಟ್ಟು 5 ಜನ ಹೊಸ ಮೆಕ್ಯಾನಿಕಲ್ ಪದವೀಧರರು ಬೇಕು. ಪತ್ರ ಹೋಗುವುದು ತುಮಕೂರು ಕಡೆಯ ವಿಟಿಯು ಕಾಲೇಜಿಗೆ.

ತಿಂಗಳು ಆರಿಸುವುದು

ಹೆಚ್ಚಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಅಂತಿಮ ವರ್ಷದವರ ನೇಮಕಾತಿ ಏಳನೇ ಸೆಮಿಸ್ಟರ್ ಹೊತ್ತಿಗೆ ಜೋರಾಗುತ್ತದೆ. ದೊಡ್ಡ ಸಾಫ್ಟ್‌ವೇರ್ ಕಂಪನಿಗಳು ಆಗಲೇ ಬಂದು ಹೋಗುತ್ತವೆ. ಮೂರು ಲಕ್ಷದ ಆಸುಪಾಸು ಸಂಬಳ ಕೊಡುವ ಸಣ್ಣ ಘಟಕ ಅದೇ ಹೊತ್ತಿಗೆ ನುಗ್ಗಿದರೆ ಎರಡು ತೊಂದರೆ. ಹಲವು ಕಾಲೇಜುಗಳಲ್ಲಿ ‘ಒಬ್ಬರಿಗೆ ಒಂದೇ ಕೆಲಸ’ ಎಂಬ ನಿಯಮವಿದೆ. ನಿಮ್ಮ ಆಫರ್ ಒಪ್ಪಿದರೆ ಮುಂದಿನ ಕಂಪನಿಗೆ ಕೂರಲಾಗದು ಎಂದು ವಿದ್ಯಾರ್ಥಿ ಹಿಂಜರಿಯುತ್ತಾನೆ. ಒಪ್ಪಿದವನೂ ಹೆಚ್ಚು ಸಂಬಳದ ಆಫರ್ ಸಿಕ್ಕ ದಿನ ಬಿಟ್ಟು ಹೋಗಬಹುದು. ಹಾಗಾಗಿ ಇಂಥ ಘಟಕಕ್ಕೆ ಜನವರಿಯಲ್ಲಿ ಪತ್ರ, ಫೆಬ್ರುವರಿಯಲ್ಲಿ ಆಯ್ಕೆ, ಜುಲೈನಲ್ಲಿ ಸೇರ್ಪಡೆ ಎಂಬ ಕ್ರಮ ಹೊಂದುತ್ತದೆ. ಆ ಹೊತ್ತಿಗೆ ಕೆಲಸ ಇನ್ನೂ ಸಿಗದವರು, ಐಟಿಗಿಂತ ಶಾಪ್ ಫ್ಲೋರ್ ಬೇಕೆನ್ನುವವರು ಯಾರೆಂಬುದು ಅಧಿಕಾರಿಗೂ ತಿಳಿದಿರುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಇಂಟರ್ನ್‌ಶಿಪ್‌ಗೆ ಅನುಕೂಲವಾಗಲೆಂದು ವಿಟಿಯುನ ಈಚಿನ ಪಠ್ಯಕ್ರಮದಲ್ಲಿ ಏಳು ಮತ್ತು ಎಂಟನೇ ಸೆಮಿಸ್ಟರ್‌ಗಳನ್ನು ಅದಲುಬದಲು ಮಾಡಿಕೊಳ್ಳಲು ಕಾಲೇಜುಗಳಿಗೆ ಅವಕಾಶವಿದೆ. ಫೆಬ್ರುವರಿಯಲ್ಲಿ ಮಕ್ಕಳು ಕ್ಯಾಂಪಸ್‌ನಲ್ಲೇ ಇರುತ್ತಾರೋ ಬೇರೆ ಊರಿನ ಕಂಪನಿಯಲ್ಲಿ ಇರುತ್ತಾರೋ ಎಂಬುದು ಆಯಾ ಕಾಲೇಜಿಗೆ ಬಿಟ್ಟದ್ದು. ಆದ್ದರಿಂದ ಪತ್ರದಲ್ಲಿ ಒಂದೇ ದಿನಾಂಕ ಹೇರದೆ ಒಂದು ವಾರ ಅಂತರದ ಎರಡು ದಿನಾಂಕ ಕೊಡಿ.

ಯಾರಿಗೆ ಕಳಿಸಬೇಕು

ಕಾಲೇಜಿನ ಜಾಲತಾಣದಲ್ಲಿ ಪ್ಲೇಸ್‌ಮೆಂಟ್ ಪುಟ ಇದ್ದೇ ಇರುತ್ತದೆ, ಆದರೆ ಅಲ್ಲಿನ ಹೆಸರು ಹಳತಾಗಿರಬಹುದು. ಕಾಲೇಜಿನ ಕಚೇರಿಗೆ ಫೋನ್ ಮಾಡಿ ‘ಈಗ ಪ್ಲೇಸ್‌ಮೆಂಟ್ ನೋಡಿಕೊಳ್ಳುವವರು ಯಾರು, ಯಾವ ಇಮೇಲ್ ನೋಡುತ್ತಾರೆ?’ ಎಂದು ಕೇಳಿಬಿಡಿ. ಎರಡು ನಿಮಿಷದ ಕೆಲಸ. ಅವರ ಹೆಸರಿಗೇ ಬರೆಯಿರಿ, ಪ್ಲೇಸ್‌ಮೆಂಟ್ ವಿಭಾಗದ ಸಾಮಾನ್ಯ ವಿಳಾಸಕ್ಕೆ ಪ್ರತಿ ಹಾಕಿ. ನಲವತ್ತು ಕಾಲೇಜುಗಳ ವಿಳಾಸ ಒಟ್ಟಿಗೆ ತುಂಬಿ ಒಂದೇ ಪತ್ರ ಹಾರಿಸಿದರೆ ಅದು ಸ್ಪ್ಯಾಮ್‌ಗೆ ಬೀಳುವ ಸಂಭವ ಹೆಚ್ಚು. ಬೀಳದಿದ್ದರೂ ಕಾಲೇಜಿನ ಹೆಸರಿಲ್ಲದ ಪತ್ರವನ್ನು ಓದುವವರು ಕೂಡಲೇ ಗುರುತಿಸುತ್ತಾರೆ.

ಕಳಿಸುವ ವಿಳಾಸ ಕಂಪನಿಯ ಸ್ವಂತ ಡೊಮೈನ್‌ನದ್ದಾಗಿರಲಿ. ಕೆಲಸದ ಹೆಸರಲ್ಲಿ ವಿದ್ಯಾರ್ಥಿಗಳಿಂದ ಹಣ ಕೀಳುವ ವಂಚಕರ ಭಯ ಕಾಲೇಜುಗಳಿಗೆ ಸದಾ ಇದೆ, ಜಿಮೇಲ್ ವಿಳಾಸ ಆ ಭಯವನ್ನು ಹೆಚ್ಚಿಸುತ್ತದೆ. ಪ್ರೈವೇಟ್ ಲಿಮಿಟೆಡ್ ಆಗಿದ್ದರೆ ಸಿಐಎನ್ ಸಂಖ್ಯೆ ಬರೆಯಿರಿ. ಮಾಲೀಕತ್ವದ ಘಟಕಕ್ಕೆ ಸಿಐಎನ್ ಇರುವುದಿಲ್ಲ, ಅಂಥವರು 15 ಅಕ್ಷರಗಳ ಜಿಎಸ್‌ಟಿ ಸಂಖ್ಯೆ ಮತ್ತು ಉದ್ಯಮ್ ನೋಂದಣಿ ಸಂಖ್ಯೆ ಕೊಡಬಹುದು. ಕರ್ನಾಟಕದ ಜಿಎಸ್‌ಟಿ ಸಂಖ್ಯೆ 29ರಿಂದ ಶುರುವಾಗುತ್ತದೆ, ಅಧಿಕಾರಿ ಸರ್ಕಾರಿ ಪೋರ್ಟಲ್‌ನಲ್ಲಿ ತಾವೇ ಪರೀಕ್ಷಿಸಿಕೊಳ್ಳಬಹುದು.

ಸಂಬಳವನ್ನು ಬಿಡಿಸಿ ಬರೆಯುವುದು

ಪತ್ರಗಳು ಹೆಚ್ಚು ಎಡವುವ ಜಾಗ ಇದು. ‘ಉದ್ಯಮದ ಮಾನದಂಡದಂತೆ’, ‘3.5 ಲಕ್ಷದವರೆಗೆ’ ಎಂಬ ಮಾತುಗಳನ್ನು ಸೂಚನೆಯಲ್ಲಿ ಹಾಕಲಾಗದು. ಹಾಕಿದರೂ ಮಕ್ಕಳು ದೊಡ್ಡ ಅಂಕಿಯನ್ನೇ ನಂಬಿ ಬರುತ್ತಾರೆ, ಆಫರ್ ಪತ್ರದಲ್ಲಿ ಚಿಕ್ಕ ಅಂಕಿ ಕಂಡಾಗ ದೂರು ಬರುವುದು ಅಧಿಕಾರಿಯ ಬಳಿಗೆ. ಆಮೇಲೆ ಆ ಕಾಲೇಜಿನ ಬಾಗಿಲು ನಿಮಗೆ ತೆರೆಯುವುದು ಕಷ್ಟ.

ನಮ್ಮ ಉದಾಹರಣೆಯಲ್ಲಿ ತಿಂಗಳ ಒಟ್ಟು ಸಂಬಳ ₹22,000, ಅದರಲ್ಲಿ ಮೂಲವೇತನ ₹15,000. ಭವಿಷ್ಯನಿಧಿಗೆ ಮೂಲವೇತನದ ಶೇ 12, ಅಂದರೆ ₹1,800 ನೌಕರನ ಸಂಬಳದಿಂದ ಕಡಿತ. ಕಂಪನಿ ತನ್ನ ಕಡೆಯಿಂದ ಇನ್ನೊಂದು ₹1,800 ಕಟ್ಟುತ್ತದೆ. ಹಾಗಾಗಿ ಕೈಗೆ ಬರುವುದು ₹20,200. ಕಂಪನಿಯ ಪಾಲು ಸೇರಿಸಿದರೆ ತಿಂಗಳಿಗೆ ₹23,800, ವರ್ಷಕ್ಕೆ ₹2,85,600. ಸಿಟಿಸಿ ಎಂದು ಬರೆಯುವುದು ಈ ಕೊನೆಯ ಅಂಕಿಯನ್ನು. ವಿದ್ಯಾರ್ಥಿ ಕೋಣೆ ಬಾಡಿಗೆ, ಊಟದ ಲೆಕ್ಕ ಹಾಕುವುದು ಕೈಗೆ ಬರುವ ಅಂಕಿಯ ಮೇಲೆ. ಎರಡನ್ನೂ ಬರೆಯಿರಿ. ಬಾಂಡ್ ಇದ್ದರೆ ಎಷ್ಟು ತಿಂಗಳು, ಎಷ್ಟು ಹಣ ಎಂಬುದನ್ನೂ ಮೊದಲ ಪತ್ರದಲ್ಲೇ ಹೇಳಿ. ಸಂದರ್ಶನದ ದಿನ ಗೊತ್ತಾಗುವ ಬಾಂಡ್‌ಗೆ ಅರ್ಧ ಜನ ಎದ್ದು ಹೋಗುವುದುಂಟು.

ಪತ್ರ

ಇಂಥ ಪತ್ರಗಳು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ಹೋಗುತ್ತವೆ. ಒಳಗೆ ಏನೇನು, ಯಾವ ಕ್ರಮದಲ್ಲಿ ಇರಬೇಕು ಎಂಬುದು ತಿಳಿಯಲೆಂದು ಇಲ್ಲಿ ಕನ್ನಡದಲ್ಲಿ ಕೊಟ್ಟಿದೆ.

ವಿಷಯ: ಕ್ಯಾಂಪಸ್ ನೇಮಕಾತಿ – ಮೆಕ್ಯಾನಿಕಲ್, 2027ರಲ್ಲಿ ತೇರ್ಗಡೆಯಾಗುವವರು – 5 ಹುದ್ದೆ, ಪೀಣ್ಯ – ಫೆ. 18 ಅಥವಾ 25

> ಮಾನ್ಯರೇ,
>
> ನಮ್ಮದು ಪೀಣ್ಯದಲ್ಲಿರುವ ಸಿಎನ್‌ಸಿ ಬಿಡಿಭಾಗ ತಯಾರಿಕಾ ಘಟಕ, 80 ಉದ್ಯೋಗಿಗಳಿದ್ದಾರೆ. ನಿಮ್ಮ ಕಾಲೇಜಿನ ಮೆಕ್ಯಾನಿಕಲ್ ವಿಭಾಗದಲ್ಲಿ ಮೆಟ್ರಾಲಜಿ ಲ್ಯಾಬ್ ಇರುವುದನ್ನು ಜಾಲತಾಣದಲ್ಲಿ ನೋಡಿದೆವು, ನಮ್ಮ ಕೆಲಸಕ್ಕೆ ಬೇಕಾದ ಅಳತೆಯ ಅಭ್ಯಾಸ ಅಲ್ಲಿ ಆಗಿರುತ್ತದೆ ಎಂದು ನಿಮಗೆ ಬರೆಯುತ್ತಿದ್ದೇವೆ.
>
> ಹುದ್ದೆ: ಗುಣಮಟ್ಟ ತಪಾಸಣೆ ಟ್ರೈನಿ 3, ಉತ್ಪಾದನಾ ಯೋಜನೆ ಟ್ರೈನಿ 2. ಈ 5 ಹುದ್ದೆಗಳಿಗೆ ಎರಡು ಕಾಲೇಜುಗಳಿಂದ ಒಟ್ಟಾಗಿ ಆಯ್ಕೆ ನಡೆಯುತ್ತದೆ.
> ಅರ್ಹತೆ: ಮೆಕ್ಯಾನಿಕಲ್, 2027ರಲ್ಲಿ ತೇರ್ಗಡೆ, ಸಿಜಿಪಿಎ 6.0, ಸೇರುವ ಹೊತ್ತಿಗೆ ಬ್ಯಾಕ್‌ಲಾಗ್ ಇರಬಾರದು.
> ಸಂಬಳ: ತಿಂಗಳಿಗೆ ಕೈಗೆ ₹20,200, ಸಿಟಿಸಿ ₹2,85,600. ಬಾಂಡ್ ಇಲ್ಲ. ವಿದ್ಯಾರ್ಥಿಗಳಿಂದ ಯಾವ ಶುಲ್ಕವೂ ಇಲ್ಲ.
> ಕೆಲಸ: ಪೀಣ್ಯ ಇಂಡಸ್ಟ್ರಿ ಮೆಟ್ರೊ ನಿಲ್ದಾಣದ ಬಳಿ. ಬೆಳಿಗ್ಗೆ 6–2, ಮಧ್ಯಾಹ್ನ 2–10 ಎರಡು ಪಾಳಿ. ಸೇರ್ಪಡೆ 2027ರ ಜುಲೈ 5.
> ಆಯ್ಕೆ: ಡ್ರಾಯಿಂಗ್ ಓದುವುದು ಮತ್ತು ಟಾಲರೆನ್ಸ್ ಲೆಕ್ಕದ 40 ನಿಮಿಷದ ಲಿಖಿತ ಪರೀಕ್ಷೆ, ನಂತರ ಸಂದರ್ಶನ. ಒಂದೇ ದಿನ. 40 ಜನ ಕೂರುವ ಕೊಠಡಿ ಸಾಕು, ಕಂಪ್ಯೂಟರ್ ಬೇಡ.
>
> ಫೆಬ್ರುವರಿ 18 ಅಥವಾ 25, ಯಾವ ಗುರುವಾರ ನಿಮಗೆ ಅನುಕೂಲ ಎಂದು ಜನವರಿ 29ರೊಳಗೆ ತಿಳಿಸಿದರೆ ಉಪಕಾರವಾಗುತ್ತದೆ. ವಿದ್ಯಾರ್ಥಿಗಳಿಗೆ ಹಾಕಬಹುದಾದ ಸೂಚನೆ ಕೆಳಗಿದೆ.

ಇದರ ಕೆಳಗೆ ಬರೆದವರ ಹೆಸರು, ಹುದ್ದೆ, ನೇರ ಫೋನ್, ಘಟಕದ ವಿಳಾಸ, ನೋಂದಣಿ ಸಂಖ್ಯೆ. ಅದರ ಕೆಳಗೆ ಎಂಟು ಹತ್ತು ಸಾಲಿನ ಸೂಚನೆ. ಅಧಿಕಾರಿ ಅದನ್ನು ತರಗತಿಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಗೆಯೇ ಹಾಕುವಂತಿರಬೇಕು. ಹಾಗಾಗಿ ಅದು ವಿದ್ಯಾರ್ಥಿಗಳನ್ನು ಉದ್ದೇಶಿಸಿ ಬರೆದದ್ದಾಗಿರಲಿ, ಯಾವ ದಿನದೊಳಗೆ ಯಾರ ಬಳಿ ಹೆಸರು ಕೊಡಬೇಕು ಎಂಬಲ್ಲಿ ಮಾತ್ರ ಖಾಲಿ ಬಿಡಿ.

ಮೇಲಿನ ಕೆಲವು ಪದಗಳ ಹಿಂದೆ ಕಾರಣವಿದೆ. ‘2027 ಬ್ಯಾಚ್’ ಎಂದಷ್ಟೇ ಬರೆದರೆ ಕೆಲವು ಕಾಲೇಜುಗಳಲ್ಲಿ ಅದು ಪ್ರವೇಶದ ವರ್ಷ ಎಂದಾಗಬಹುದು, ‘2027ರಲ್ಲಿ ತೇರ್ಗಡೆ’ ಎಂದರೆ ಗೊಂದಲವಿಲ್ಲ. ‘ಬ್ಯಾಕ್‌ಲಾಗ್ ಇರಬಾರದು’ ಎಂದಷ್ಟೇ ಹೇಳಿದರೆ ಹಿಂದೆ ಫೇಲಾಗಿ ಈಗ ಪಾಸಾದವರು ಬರಬಹುದೇ ಎಂಬ ಪ್ರಶ್ನೆ ಏಳುತ್ತದೆ, ‘ಸೇರುವ ಹೊತ್ತಿಗೆ’ ಎಂಬುದು ಅದಕ್ಕೆ ಉತ್ತರ. ಎರಡು ಕಾಲೇಜುಗಳ ವಿಷಯ ಮುಚ್ಚಿಟ್ಟರೆ ಒಂದು ಕಾಲೇಜು ಐವರ ಆಸೆ ಇಟ್ಟುಕೊಂಡು ಒಬ್ಬರನ್ನು ಪಡೆಯುತ್ತದೆ, ಮುಂದಿನ ವರ್ಷ ಕರೆಯುವುದಿಲ್ಲ. ಇನ್ನು ಎಸ್ಸೆಸ್ಸೆಲ್ಸಿಯಿಂದ ಎಲ್ಲ ಹಂತದಲ್ಲೂ ಶೇ 70 ಎಂಬ ಷರತ್ತು ಈ ಸಂಬಳಕ್ಕೆ ತಕ್ಕುದಲ್ಲ. ಮೈಕ್ರೊಮೀಟರ್ ಸರಿಯಾಗಿ ಓದುವ ಹುಡುಗಿ ಹತ್ತನೇ ತರಗತಿಯ ಸಮಾಜದಲ್ಲಿ ಕಡಿಮೆ ಅಂಕ ಪಡೆದಿದ್ದಕ್ಕೆ ಹೊರಗುಳಿಯುತ್ತಾಳೆ.

ಲಗತ್ತು ಒಂದೇ ಇರಲಿ: ಹುದ್ದೆಯ ವಿವರವಿರುವ ಎರಡು ಪುಟದ ಪಿಡಿಎಫ್. ಮೊಬೈಲಿನಲ್ಲಿ ಓದುವವರು ಲಗತ್ತು ತೆರೆಯದೇ ಇರಬಹುದು, ಆದ್ದರಿಂದ ಮುಖ್ಯ ವಿಷಯ ಅದರೊಳಗೆ ಮಾತ್ರ ಇರಬಾರದು. ಮೊದಲ ಪತ್ರದಲ್ಲೇ ವಿದ್ಯಾರ್ಥಿಗಳ ಹೆಸರು, ಫೋನ್ ಪಟ್ಟಿ ಕೇಳಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಒಪ್ಪಿಗೆಯಿಲ್ಲದೆ ಅಂಥ ಪಟ್ಟಿ ಕೊಡಲು ಕಾಲೇಜುಗಳು ಹಿಂಜರಿಯುವುದು ಸಹಜ. ಆಸಕ್ತರು ತಾವೇ ಭರ್ತಿ ಮಾಡುವ ಅರ್ಜಿಯ ಕೊಂಡಿ ಸಾಕು.

ಉತ್ತರ ಬರದಿದ್ದರೆ

ನಾಲ್ಕು ಕೆಲಸದ ದಿನ ಕಾಯಿರಿ. ನಂತರ ಅದೇ ಪತ್ರಕ್ಕೆ ಉತ್ತರವಾಗಿ ಎರಡು ಸಾಲು ಬರೆದು ಅದೇ ದಿನ ಫೋನ್ ಮಾಡಿ. ‘ಸರ್, ಮೆಕ್ಯಾನಿಕಲ್ ಮಕ್ಕಳಿಗೆ ಐದು ಹುದ್ದೆ ಇದೆ ಅಂತ ಮಂಗಳವಾರ ಮೇಲ್ ಹಾಕಿದ್ದೆ, ತಲುಪಿದೆಯಾ?’ ಎಂದರೆ ಸಾಕು. ಮೇಲ್ ಸ್ಪ್ಯಾಮ್‌ನಲ್ಲಿದ್ದರೆ ಅಲ್ಲೇ ಗೊತ್ತಾಗುತ್ತದೆ. ‘ಪ್ರಾಂಶುಪಾಲರನ್ನು ಕೇಳಬೇಕು’ ಎಂದರೆ ಅದು ನಿರಾಕರಣೆಯಲ್ಲ, ಯಾವಾಗ ಮತ್ತೆ ಫೋನ್ ಮಾಡಲಿ ಎಂದು ಕೇಳಿ ಆ ದಿನವೇ ಮಾಡಿ. ‘ನಮ್ಮವರೆಲ್ಲ ಪ್ಲೇಸ್ ಆಗಿದ್ದಾರೆ’ ಎಂದರೆ ಇಂಟರ್ನ್‌ಶಿಪ್ ಬೇಕಿರುವವರಿದ್ದಾರೆಯೇ ಎಂದು ಒಮ್ಮೆ ವಿಚಾರಿಸಿ. ಎರಡು ಸಲ ಕೇಳಿದರೂ ಮೌನವಾದರೆ ಆ ವರ್ಷಕ್ಕೆ ಬಿಟ್ಟು ಮುಂದಿನ ಕಾಲೇಜಿಗೆ ಬರೆಯಿರಿ.

ದಿನಾಂಕ ಒಪ್ಪಿಕೊಂಡರೆ ಅದೇ ದಿನ ಒಂದು ದೃಢೀಕರಣ ಪತ್ರ ಹೋಗಲಿ: ಎಷ್ಟು ಗಂಟೆಗೆ ಬರುತ್ತೇವೆ, ಯಾರು ಎಷ್ಟು ಜನ, ವಿದ್ಯಾರ್ಥಿಗಳು ಏನೇನು ತರಬೇಕು. ಕೆಲವು ಕಾಲೇಜುಗಳು ತಮ್ಮದೇ ನಮೂನೆ ಭರ್ತಿ ಮಾಡಿಕೊಡಿ ಎನ್ನುತ್ತವೆ. ಅದರಲ್ಲಿನ ಸಂಬಳ, ಹುದ್ದೆಯ ಸಂಖ್ಯೆ ಮೊದಲ ಪತ್ರದ ಅಂಕಿಗಳಿಗೆ ಹೊಂದಬೇಕು. ಆಯ್ಕೆಯಾದವರ ಪಟ್ಟಿಯನ್ನು ವಿದ್ಯಾರ್ಥಿಗಳಿಗೆ ಹೇಳುವ ಮೊದಲು ಪ್ಲೇಸ್‌ಮೆಂಟ್ ಅಧಿಕಾರಿಗೆ ಬರಹದಲ್ಲಿ ಕೊಡಿ. ‘ಒಬ್ಬರಿಗೆ ಒಂದೇ ಕೆಲಸ’ ನಿಯಮದಂತೆ ಯಾರನ್ನು ಮುಂದಿನ ಕಂಪನಿಯಿಂದ ಹೊರಗಿಡಬೇಕು ಎಂದು ಅವರು ಆ ಪಟ್ಟಿಯಿಂದಲೇ ತೀರ್ಮಾನಿಸುತ್ತಾರೆ. ಪಟ್ಟಿ ತಡವಾದರೆ ನಿಮ್ಮ ಐವರಲ್ಲಿ ಇಬ್ಬರು ಅಷ್ಟರೊಳಗೆ ಬೇರೆ ಸಂದರ್ಶನದಲ್ಲಿ ಕೂತಿರುತ್ತಾರೆ.