ಬ್ಯಾಂಕಿನ ಕೆಲಸದ ದಿನ ಎಣಿಸುವುದು ಹೇಗೆ? 28ಕ್ಕೆ 22 ನೆನಪಿಡಿ

2025ರ ನವೆಂಬರ್ 8, ಶನಿವಾರ. ನಮ್ಮ ಬೀದಿಯ ಹಾರ್ಡ್‌ವೇರ್ ಅಂಗಡಿಯವರು ಕ್ಯಾಶ್ ಕಟ್ಟಲು ಬ್ಯಾಂಕಿಗೆ ಹೋದವರು ಹತ್ತೇ ನಿಮಿಷಕ್ಕೆ ಚೀಲ ಹಿಡಿದುಕೊಂಡು ವಾಪಸ್ ಬಂದರು. ಶಟರ್ ಎಳೆದಿತ್ತಂತೆ. "ಏನ್ ಸಾರ್ ಇದು, ಹೋದ ಶನಿವಾರನೂ ರಜೆ, ಅದರ ಹಿಂದಿನ ಶನಿವಾರನೂ ರಜೆ. ವಾರ ಬಿಟ್ಟು ವಾರ ಅಲ್ವಾ ರಜೆ ಇರೋದು?" ಎಂದು ನನ್ನನ್ನೇ ಕೇಳಿದರು.

ಅವರು ಹೇಳಿದ್ದು ನಿಜ. ಅಕ್ಟೋಬರ್ 25, ನವೆಂಬರ್ 1, ನವೆಂಬರ್ 8, ಸಾಲಾಗಿ ಮೂರು ಶನಿವಾರ ಕರ್ನಾಟಕದಲ್ಲಿ ಬ್ಯಾಂಕ್ ಬಾಗಿಲು ತೆರೆದಿರಲಿಲ್ಲ. ಆದರೆ ಮೂರಕ್ಕೂ ಕಾರಣ ಒಂದೇ ಅಲ್ಲ. 25 ಅಕ್ಟೋಬರಿನ ನಾಲ್ಕನೇ ಶನಿವಾರ. 1 ಕನ್ನಡ ರಾಜ್ಯೋತ್ಸವ. 8 ನವೆಂಬರಿನ ಎರಡನೇ ಶನಿವಾರ. ಎಡವಟ್ಟಾಗಿದ್ದು 'ವಾರ ಬಿಟ್ಟು ವಾರ' ಎಂಬ ಲೆಕ್ಕದಲ್ಲಿ. ನಿಯಮದಲ್ಲಿ ಆ ಮಾತೇ ಇಲ್ಲ.

ನಿಯಮ ಏನು ಹೇಳುತ್ತದೆ

2015ಕ್ಕಿಂತ ಮೊದಲು ಶನಿವಾರ ಬ್ಯಾಂಕುಗಳು ಅರ್ಧ ದಿನ ಕೆಲಸ ಮಾಡುತ್ತಿದ್ದವು. ಆ ವರ್ಷದ ಮೇ ತಿಂಗಳಲ್ಲಿ ಬ್ಯಾಂಕುಗಳ ಸಂಘಕ್ಕೂ ನೌಕರರ ಸಂಘಟನೆಗಳಿಗೂ ವೇತನ ಒಪ್ಪಂದ ಆಯಿತು. ಅದರಲ್ಲೇ ಶನಿವಾರದ ವಿಷಯವೂ ಸೇರಿತ್ತು. ತಿಂಗಳ ಎರಡನೇ, ನಾಲ್ಕನೇ ಶನಿವಾರ ಪೂರ್ತಿ ರಜೆ, ಉಳಿದ ಶನಿವಾರ ಪೂರ್ತಿ ಕೆಲಸ. ಕೇಂದ್ರ ಸರ್ಕಾರ ಎನ್‌ಐ ಆ್ಯಕ್ಟ್‌ನ, ಅಂದರೆ ಚೆಕ್ ಬೌನ್ಸ್ ಕೇಸು ಹಾಕುವ ಅದೇ 1881ರ ಕಾಯ್ದೆಯ, 25ನೇ ಸೆಕ್ಷನ್ ಅಡಿ ಅಧಿಸೂಚನೆ ಹೊರಡಿಸಿತು. 2015ರ ಸೆಪ್ಟೆಂಬರ್ 1ರಿಂದ ಜಾರಿಯಾಯಿತು. ಸರ್ಕಾರಿ, ಖಾಸಗಿ, ವಿದೇಶಿ, ಗ್ರಾಮೀಣ, ಸಹಕಾರಿ ಎಂಬ ಭೇದವಿಲ್ಲದೆ ಎಲ್ಲ ಬ್ಯಾಂಕಿಗೂ ಇದು ಅನ್ವಯ.

ಇಲ್ಲಿ ಮುಖ್ಯವಾದ ಮಾತು 'ಉಳಿದ ಶನಿವಾರ ಪೂರ್ತಿ ಕೆಲಸ' ಎಂಬುದು. ಒಂದನೇ, ಮೂರನೇ ಶನಿವಾರದ ಜೊತೆಗೆ ಐದನೇ ಶನಿವಾರವೂ ಇದರಲ್ಲಿ ಬರುತ್ತದೆ. ಐದು ಶನಿವಾರ ಇರುವ ತಿಂಗಳು ಮುಗಿಯುವಾಗ ಸಾಲಾಗಿ ಎರಡು ಶನಿವಾರ ಬ್ಯಾಂಕ್ ತೆರೆದಿರುತ್ತದೆ. ಅದೇ ನವೆಂಬರಿನಲ್ಲಿ 22ರಂದು ನಾಲ್ಕನೇ ಶನಿವಾರದ ರಜೆ ಆಯಿತು. 29 ಐದನೇ ಶನಿವಾರ, ತೆರೆದಿತ್ತು. ಡಿಸೆಂಬರ್ 6 ಒಂದನೇ ಶನಿವಾರ, ಅದೂ ತೆರೆದಿತ್ತು. ಮತ್ತೆ ಬಾಗಿಲು ಹಾಕಿದ್ದು 13ರಂದು. ವಾರ ಬಿಟ್ಟು ವಾರ ಎಣಿಸುವವರು ತಪ್ಪುವುದು ಇಲ್ಲೇ.

ಮೊದಲು, ಶನಿವಾರ ಎಷ್ಟನೆಯದು ಎಂದು ತಿಳಿಯುವುದು

ಕ್ಯಾಲೆಂಡರಿನ ಸಾಲುಗಳನ್ನು ಎಣಿಸಬೇಡಿ, ತಾರೀಖು ನೋಡಿ. ಎರಡನೇ ಶನಿವಾರ ಯಾವಾಗಲೂ 8ರಿಂದ 14ರೊಳಗೆ ಬರುತ್ತದೆ. ನಾಲ್ಕನೆಯದು 22ರಿಂದ 28ರೊಳಗೆ. ಶನಿವಾರದ ತಾರೀಖು ಈ ಎರಡು ಗುಂಪಿನಲ್ಲಿ ಇದ್ದರೆ ರಜೆ, ಇಲ್ಲದಿದ್ದರೆ ಕೆಲಸ. ಯಾರಾದರೂ "17ನೇ ತಾರೀಖು ಶನಿವಾರ ಬ್ಯಾಂಕ್ ಇದೆಯಾ?" ಎಂದು ಕೇಳಿದರೆ ಕ್ಯಾಲೆಂಡರ್ ತೆಗೆಯುವ ಅಗತ್ಯವೇ ಇಲ್ಲ. 17 ಎರಡು ಗುಂಪಿನಲ್ಲೂ ಇಲ್ಲ, ಹಾಗಾಗಿ ಇದೆ. ಹಬ್ಬ ಏನಾದರೂ ಇದೆಯಾ ಎಂದಷ್ಟೇ ನೋಡಿದರೆ ಸಾಕು.

ಆಮೇಲೆ, ತಿಂಗಳ ಲೆಕ್ಕ

ಯಾವ ತಿಂಗಳೇ ಆಗಲಿ, ಮೊದಲ 28 ದಿನಗಳಲ್ಲಿ ನಾಲ್ಕು ಭಾನುವಾರ ಬಂದೇ ಬರುತ್ತವೆ. ಎರಡು ರಜಾ ಶನಿವಾರಗಳೂ ಅದರೊಳಗೇ ಮುಗಿಯುತ್ತವೆ. 28ರಲ್ಲಿ 6 ಹೋದರೆ 22. ತಿಂಗಳು ಯಾವ ವಾರದಿಂದ ಶುರುವಾದರೂ ಈ 22 ಬದಲಾಗುವುದಿಲ್ಲ.

ಇನ್ನು ಉಳಿಯುವುದು 29, 30, 31. ಇವುಗಳಲ್ಲಿ ಭಾನುವಾರ ಬಿಟ್ಟು ಮಿಕ್ಕ ಎಲ್ಲವೂ ಕೆಲಸದ ದಿನ, ಶನಿವಾರ ಆದರೂ ಸರಿ. ಹಾಗಾಗಿ 31 ದಿನದ ತಿಂಗಳಲ್ಲಿ 25 ಅಥವಾ 24, 30 ದಿನದ ತಿಂಗಳಲ್ಲಿ 24 ಅಥವಾ 23. ಕೊನೆಯ ಆ ಎರಡು ಮೂರು ದಿನಗಳಲ್ಲಿ ಭಾನುವಾರ ಇದ್ದರೆ ಸಣ್ಣ ಅಂಕಿ, ಇಲ್ಲದಿದ್ದರೆ ದೊಡ್ಡದು. ಅಷ್ಟೇ. ನಾಲ್ಕು ಸಲ ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ಎಣಿಸಿ ನಾಲ್ಕು ಉತ್ತರ ಪಡೆಯುವುದಕ್ಕಿಂತ ಇದು ವಾಸಿ.

ಕೊನೆಗೆ, ಹಬ್ಬದ ರಜೆ ಕಳೆಯುವುದು

ಜಾಸ್ತಿ ಜನ ತಪ್ಪುವುದು ಈ ಹಂತದಲ್ಲಿ. ರಜೆಯ ಪಟ್ಟಿಯಲ್ಲಿ ಎಷ್ಟಿದೆಯೋ ಅಷ್ಟನ್ನೂ ಕಳೆದುಬಿಡುತ್ತಾರೆ. ಭಾನುವಾರ ಬಂದ ಹಬ್ಬವನ್ನು ಕಳೆಯಬಾರದು ಎಂಬುದು ಎಲ್ಲರಿಗೂ ಗೊತ್ತು. ಎರಡನೇ, ನಾಲ್ಕನೇ ಶನಿವಾರ ಬಂದ ಹಬ್ಬವನ್ನೂ ಕಳೆಯಬಾರದು ಎಂಬುದು ಮರೆತುಹೋಗುತ್ತದೆ. ಆ ದಿನ ಆಗಲೇ 22ರ ಲೆಕ್ಕದಿಂದ ಹೊರಗಿದೆ.

ಮತ್ತೆ ಅದೇ ನವೆಂಬರ್ 2025 ತೆಗೆದುಕೊಳ್ಳೋಣ. 30 ದಿನ. ಮೊದಲ 28ಕ್ಕೆ 22. 29 ಶನಿವಾರ, ಐದನೆಯದು, ಸೇರಿಸಿದರೆ 23. 30 ಭಾನುವಾರ, ಬಿಡಿ. ಈಗ ಹಬ್ಬಗಳು. ಕರ್ನಾಟಕದಲ್ಲಿ ಆ ತಿಂಗಳು ಎರಡು ಇದ್ದವು, ಎರಡೂ ಶನಿವಾರವೇ ಬಂದವು. ರಾಜ್ಯೋತ್ಸವ 1ರಂದು, ಅದು ಒಂದನೇ ಶನಿವಾರ. ಬ್ಯಾಂಕ್ ತೆರೆಯಬೇಕಿದ್ದ ದಿನ ಹೋಯಿತು, ಹಾಗಾಗಿ ಒಂದು ಕಳೆಯಬೇಕು. ಕನಕ ಜಯಂತಿ 8ರಂದು, ಎರಡನೇ ಶನಿವಾರ. ಅಂದು ಹೇಗೂ ರಜೆ, ಕಳೆಯುವ ಹಾಗಿಲ್ಲ. ಉತ್ತರ 22. ಪಟ್ಟಿ ನೋಡಿ ಎರಡೂ ಕಳೆದವರಿಗೆ 21 ಬಂದಿರುತ್ತದೆ. ಎಲ್ಲ ಶನಿವಾರವೂ ರಜೆ ಎಂದುಕೊಂಡವರಿಗೆ 20.

ಅದೇ ತಿಂಗಳು ಹೊಸೂರಿನಲ್ಲಿ ಎಣಿಸಿದ್ದರೆ 23. ಗಡಿ ದಾಟಿದರೆ ರಾಜ್ಯೋತ್ಸವದ ರಜೆ ಇಲ್ಲ. ಎರಡನೇ, ನಾಲ್ಕನೇ ಶನಿವಾರ ಇಡೀ ದೇಶಕ್ಕೆ ಒಂದೇ, ಹಬ್ಬದ ರಜೆ ಆಯಾ ರಾಜ್ಯದ್ದು. ರಿಸರ್ವ್ ಬ್ಯಾಂಕ್ ತನ್ನ ವೆಬ್‌ಸೈಟಿನಲ್ಲಿ ಊರುವಾರು ಪಟ್ಟಿ ಹಾಕುತ್ತದೆ. ನಮ್ಮ ರಾಜ್ಯದವರು ಬೆಂಗಳೂರಿನ ಪಟ್ಟಿ ನೋಡಬೇಕು. ಸುಮ್ನೆ ವಾಟ್ಸ್ಆ್ಯಪ್‌ನಲ್ಲಿ ಬರುವ 'ಈ ತಿಂಗಳು 14 ದಿನ ಬ್ಯಾಂಕ್ ರಜೆ' ಎಂಬಂಥ ಸುದ್ದಿಗಳು ಎಲ್ಲ ರಾಜ್ಯಗಳ ರಜೆಯನ್ನೂ ಒಟ್ಟಿಗೆ ಕೂಡಿಸಿ ಹೇಳುತ್ತವೆ. ಅಷ್ಟೂ ದಿನ ಯಾವ ಒಂದು ಊರಿನಲ್ಲೂ ಬಾಗಿಲು ಹಾಕಿರುವುದಿಲ್ಲ.

ಇನ್ನೊಂದು ಮಜಾ ಇದೆ. ತಾರೀಖು ಬದಲಾಗದ ರಜೆಗಳ ಹಣೆಬರಹ ಮೊದಲೇ ಬರೆದಿಟ್ಟ ಹಾಗಿದೆ. ಸ್ವಾತಂತ್ರ್ಯ ದಿನ ಶನಿವಾರ ಬಂದರೆ ಅದು ಯಾವಾಗಲೂ ಮೂರನೆಯದೇ, ಹಾಗಾಗಿ ಒಂದು ದಿನ ಕಳೆಯುವುದು ಖಾತ್ರಿ. 2026ರಲ್ಲಿ ಹಾಗೇ ಬರುತ್ತದೆ. ಗಾಂಧಿ ಜಯಂತಿ, ರಾಜ್ಯೋತ್ಸವ, ಕಾರ್ಮಿಕ ದಿನ ಶನಿವಾರ ಬಂದರೆ ಒಂದನೆಯದು, ಅವನ್ನೂ ಕಳೆಯಬೇಕು. ಗಣರಾಜ್ಯೋತ್ಸವ, ಕ್ರಿಸ್‌ಮಸ್ ಬಂದರೆ ನಾಲ್ಕನೆಯದು, ಅಂಬೇಡ್ಕರ್ ಜಯಂತಿ ಬಂದರೆ ಎರಡನೆಯದು. ಇವು ಮೂರನ್ನೂ ಶನಿವಾರ ಬಂದಾಗ ಯಾವತ್ತೂ ಕಳೆಯುವ ಹಾಗಿಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡುವ ಗೆಳೆಯರಿಗೆ ಇದು ಬೇಜಾರಿನ ವಿಷಯ, ಒಂದು ರಜೆ ಸುಮ್ಮನೆ ಹೋಯಿತಲ್ಲ ಎಂದು.

ಎಕ್ಸೆಲ್‌ನಲ್ಲಿ ಮಾಡುವವರಿಗೆ

ಆಫೀಸಿನಲ್ಲಿ ಇದನ್ನು ತಿಂಗಳು ತಿಂಗಳು ಮಾಡುವವರು `NETWORKDAYS` ಬಳಸಿದರೆ ತಪ್ಪಾಗುತ್ತದೆ. ಅದು ಎಲ್ಲ ಶನಿವಾರವನ್ನೂ ರಜೆ ಎಂದುಕೊಳ್ಳುತ್ತದೆ. A1ರಲ್ಲಿ ತಿಂಗಳ ಒಂದನೇ ತಾರೀಖು ಹಾಕಿ. C1ರಲ್ಲಿ ಎರಡನೇ ಶನಿವಾರ, C2ರಲ್ಲಿ ನಾಲ್ಕನೆಯದು ಬರುವ ಹಾಗೆ ಈ ಸೂತ್ರಗಳನ್ನು ಬರೆಯಿರಿ. C3ರಿಂದ ಕೆಳಗೆ ಹಬ್ಬದ ತಾರೀಖುಗಳು. ಮೂರನೇ ಸೂತ್ರ ಉತ್ತರ ಕೊಡುತ್ತದೆ.

```
=A1+14-WEEKDAY(A1)
=A1+28-WEEKDAY(A1)
=NETWORKDAYS.INTL(A1,EOMONTH(A1,0),11,C1:C10)
```

ಕೊನೆಯ ಸೂತ್ರದ 11 ಅಂದರೆ 'ಭಾನುವಾರ ಮಾತ್ರ ವಾರದ ರಜೆ' ಎಂದು ಅರ್ಥ. ಎರಡನೇ ಅಥವಾ ನಾಲ್ಕನೇ ಶನಿವಾರವೇ ಹಬ್ಬ ಬಂದಿದ್ದರೆ ಅದನ್ನು C ಕಾಲಮ್ಮಿನಲ್ಲಿ ಮತ್ತೆ ಬರೆಯಬೇಡಿ.

ಯಾವ ಕೆಲಸಕ್ಕೆ ಈ ಲೆಕ್ಕ, ಯಾವುದಕ್ಕೆ ಅಲ್ಲ

"ಮೂರು ಕೆಲಸದ ದಿನದಲ್ಲಿ ಆಗುತ್ತೆ" ಎಂದು ಬ್ಯಾಂಕಿನವರು ಹೇಳಿದರೆ ಲೆಕ್ಕ ಹೀಗೆ. 2026ರ ಜನವರಿ 23, ಶುಕ್ರವಾರ ಅರ್ಜಿ ಕೊಟ್ಟಿರಿ ಎಂದುಕೊಳ್ಳಿ. 24 ನಾಲ್ಕನೇ ಶನಿವಾರ, 25 ಭಾನುವಾರ, 26 ಗಣರಾಜ್ಯೋತ್ಸವ. ಎಣಿಕೆ ಶುರುವಾಗುವುದೇ 27ರಿಂದ, ಮೂರನೇ ದಿನ 29, ಗುರುವಾರ. ಚೆಕ್ ಕ್ಲಿಯರಿಂಗ್, ಡಿಡಿ, ಕೌಂಟರಿನಲ್ಲಿ ಕ್ಯಾಶ್, ಲಾಕರ್, ಇವೆಲ್ಲ ಹೀಗೇ ಕಾಯಬೇಕಾದವು. ಎಫ್‌ಡಿ ರಜೆಯ ದಿನ ಮುಗಿದರೆ ಹಣ ಮುಂದಿನ ಕೆಲಸದ ದಿನ ಸಿಗುತ್ತದೆ. ನಡುವಿನ ರಜೆಗೂ ಹಳೆಯ ದರದಲ್ಲೇ ಬಡ್ಡಿ ಕೊಡಬೇಕು, ಒಮ್ಮೆ ನೋಡಿಕೊಳ್ಳಿ.

ಆದರೆ ಹಣ ವರ್ಗಾವಣೆಗೆ ಈಗ ರಜೆ ಇಲ್ಲ. ಯುಪಿಐ ಬಿಡಿ, ನೆಫ್ಟ್ 2019ರ ಡಿಸೆಂಬರಿನಿಂದ, ಆರ್‌ಟಿಜಿಎಸ್ 2020ರ ಡಿಸೆಂಬರಿನಿಂದ ದಿನದ 24 ಗಂಟೆಯೂ ನಡೆಯುತ್ತವೆ. ಸಾಲದ ಕಂತು ತಾನಾಗಿ ಕಡಿತ ಆಗುತ್ತದಲ್ಲ, ಆ ನಾಚ್ ವ್ಯವಸ್ಥೆಯೂ 2021ರ ಆಗಸ್ಟ್ 1ರಿಂದ ರಜಾ ದಿನದಲ್ಲೂ ಕೆಲಸ ಮಾಡುತ್ತದೆ. ನಾನೇ ಇದರಲ್ಲಿ ಒಮ್ಮೆ ಸಿಕ್ಕಿಬಿದ್ದೆ. ಕಂತಿನ ದಿನ ಎರಡನೇ ಶನಿವಾರ, ಹೇಗೂ ಸೋಮವಾರ ಕಡಿತ ಆಗುತ್ತೆ ಎಂದು ಶುಕ್ರವಾರ ಚೆಕ್ ಹಾಕಿ ಆರಾಮಾಗಿದ್ದೆ. ಕಂತು ಶನಿವಾರವೇ ಬಂತು, ಚೆಕ್ಕಿನ ಹಣ ಬಂದಿರಲಿಲ್ಲ. ಬೌನ್ಸ್ ಶುಲ್ಕ ಕಟ್ಟಿದೆ. ಹಣ ಬರುವುದಕ್ಕೆ ರಜೆ ಲೆಕ್ಕ ಹಾಕಿ, ಹೋಗುವುದಕ್ಕೆ ಹಾಕಬೇಡಿ.

'ತಿಂಗಳ ಕೊನೆಯ ಕೆಲಸದ ದಿನ' ಎಂದು ಕರಾರಿನಲ್ಲಿ ಬರೆದುಕೊಂಡವರಿಗೆ ಒಂದು ಮಾತು. ತಿಂಗಳ ಕೊನೆಯ ದಿನ ಶನಿವಾರ ಬಂದರೆ ಸಾಮಾನ್ಯವಾಗಿ ಅದು ಐದನೆಯದು, ಬ್ಯಾಂಕ್ ತೆರೆದಿರುತ್ತದೆ. ಫೆಬ್ರವರಿ 28 ಮಾತ್ರ ಹೊರತು. 2026ರಲ್ಲಿ ಅದು ನಾಲ್ಕನೇ ಶನಿವಾರ, ಕೊನೆಯ ಕೆಲಸದ ದಿನ 27ಕ್ಕೇ ಮುಗಿಯುತ್ತದೆ.

ನಿಮ್ಮ ಲೆಕ್ಕ ಬ್ಯಾಂಕಿನದ್ದೋ ಬೇರೆ ಆಫೀಸಿನದ್ದೋ ಎಂಬುದನ್ನೂ ನೋಡಿಕೊಳ್ಳಿ. ಕರ್ನಾಟಕ ಸರ್ಕಾರಿ ಕಚೇರಿಗಳಿಗೆ ನಾಲ್ಕನೇ ಶನಿವಾರದ ರಜೆ ಬಂದಿದ್ದು 2019ರಲ್ಲಿ, ಬದಲಿಗೆ ನೌಕರರ ಸಾಂದರ್ಭಿಕ ರಜೆ 15ರಿಂದ 10ಕ್ಕೆ ಇಳಿಯಿತು. ಎಲ್‌ಐಸಿಗೆ 2021ರಿಂದ ಎಲ್ಲ ಶನಿವಾರವೂ ರಜೆ. ಬ್ಯಾಂಕಿಗೂ ಹಾಗೇ ಆಗಬೇಕೆಂದು 2024ರ ಮಾರ್ಚ್‌ನಲ್ಲಿ ಬ್ಯಾಂಕುಗಳ ಸಂಘ ಮತ್ತು ನೌಕರರ ಸಂಘಟನೆಗಳು ಒಪ್ಪಿಕೊಂಡವು. ಅದು ಜಾರಿಯಾಗಲು 2015ರ ಹಾಗೇ ಸರ್ಕಾರದ ಅಧಿಸೂಚನೆ ಬೇಕು. ಅದು ಬಂದ ದಿನ ಮೇಲಿನ 22 ಅಳಿಸಿ 20 ಎಂದು ಬರೆದುಕೊಳ್ಳಿ, 29, 30, 31ರಲ್ಲಿ ಭಾನುವಾರದ ಜೊತೆ ಶನಿವಾರವನ್ನೂ ಬಿಡಿ.