ಪೆಡಲ್ ಒತ್ತಿದರೂ ಓಡದ ಹೊಲಿಗೆ ಯಂತ್ರ

ದಾವಣಗೆರೆಯ ನಮ್ಮ ಮನೆಯ ಹೊಲಿಗೆ ಯಂತ್ರ ಪೆಡಲ್ ಒತ್ತಿದರೆ ಒಮ್ಮೆ ಓಡುತ್ತಿತ್ತು, ಒಮ್ಮೆ ಸುಮ್ನೆ ನಿಲ್ಲುತ್ತಿತ್ತು. ಬೆಲ್ಟ್ ಸಡಿಲ ಅಂದರು ಪಕ್ಕದ ಮನೆ ಅಕ್ಕ. ಸಡಿಲವೇನೋ ಇತ್ತು. ಆದರೆ ಬೆಲ್ಟ್ ಜಾರಿದರೆ ಮೋಟಾರ್ ತಿರುಗುವ ಸದ್ದಾದರೂ ಬರಬೇಕು, ಅಲ್ವಾ? ಇಲ್ಲಿ ಸದ್ದೇ ಇಲ್ಲ. ಬೆಲ್ಟ್ ಕಳಚಿ ಒತ್ತಿದರೂ ಅಷ್ಟೇ. ಪ್ಲಗ್ ತೆಗೆದು ಮೋಟಾರಿನ ಪುಲ್ಲಿಯನ್ನು ಕೈಯಿಂದ ತುಸು ತಿರುಗಿಸಿ, ಮತ್ತೆ ಪ್ಲಗ್ ಹಾಕಿ ಒತ್ತಿದೆ. ಓಡಿತು! ಅನುಮಾನ, ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟ್ ದಾಟಿಸುವ ಕಾರ್ಬನ್ ಬ್ರಷ್ ಮೇಲೆ ಹೋಯಿತು.

ಪ್ಲಗ್ ಕಿತ್ತು ಮೋಟಾರಿನ ಎರಡೂ ಬದಿಯ ಕ್ಯಾಪ್ ಬಿಚ್ಚಿದೆ. ಒಂದು ಬ್ರಷ್ ಸವೆದು ಹೆಸರುಕಾಳಿನಷ್ಟೇ ಉಳಿದಿತ್ತು. ಸ್ಪ್ರಿಂಗ್ ತಳ್ಳಿದರೂ, ತಿರುಗುವ ಭಾಗದ ಮೇಲಿನ ತಾಮ್ರದ ಪಟ್ಟಿಗಳಾದ ಕಮ್ಯುಟೇಟರ್‌ಗೆ ಸರಿಯಾಗಿ ತಾಗುತ್ತಿರಲಿಲ್ಲ. ಅದೇ ಅಳತೆಯ ಜೋಡಿ ತಂದು ಎರಡನ್ನೂ ಬದಲಿಸಿದೆ. ಹೊಸ ಬ್ರಷ್‌ನ ಮೂತಿ ಕೂರಲಿ ಅಂತ ಮೊದಲು ಬೆಲ್ಟ್ ಇಲ್ಲದೆ ಮೆಲ್ಲಗೆ ಓಡಿಸಿದೆ. ಆಮೇಲೆ ಬೆಲ್ಟನ್ನು, ನಡುವೆ ಒತ್ತಿದರೆ ಸುಮಾರು 1 ಸೆಂ.ಮೀ. ಬಗ್ಗುವಷ್ಟು ಬಿಗಿದೆ. ಬಿಗಿ ಜಾಸ್ತಿಯಾದರೆ ಮೋಟಾರ್ ಬಿಸಿಯಾಗುತ್ತದೆ.